ಕೇಳದೆ ಬರೆದ ‘ಇಲ್ಲ’

ನಮ್ಮ ಕ್ಲಿನಿಕ್ಕಿನಲ್ಲಿ ರೋಗಿಯ ವಿವರ ಬರೆದುಕೊಳ್ಳಲು ಕಂಪ್ಯೂಟರಿನಲ್ಲಿ ಎರಡು ನಮೂನೆಗಳಿವೆ. ಒಂದು ಉದ್ದದ್ದು, ಅಡ್ಮಿಷನ್ ಹಿಸ್ಟರಿ. ಇನ್ನೊಂದು ಗಿಡ್ಡದು, ಬಂದು ತೋರಿಸಿ ಹೋಗುವ ಹೊರರೋಗಿಗಳಿಗೆ, ಒಪಿಡಿ ನೋಟ್. ಈ ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬ ವಿಷಯಕ್ಕೆ ಒಬ್ಬ ಮನುಷ್ಯನ ಜೀವ ಹೋಗುವುದರಲ್ಲಿತ್ತು ಎಂದು ಯಾರಾದರೂ ನನಗೆ ಹೇಳಿದ್ದರೆ, ಹೋಗಿ ಮಾರಾಯ್ರೆ, ನಿಮಗೆ ಬೇರೆ ಕೆಲಸ ಇಲ್ಲವಾ ಎನ್ನುತ್ತಿದ್ದೆ. ಈಗ ಅನ್ನುವುದಿಲ್ಲ.

ಕ್ಲಿನಿಕ್ ಇರುವುದು ದುಬೈಯ ಅಲ್ ಮುರಕ್ಕಬಾತ್‌ನಲ್ಲಿ, ಒಂದು ಕಬಾಬ್ ಹೋಟೆಲಿನ ಮಾಳಿಗೆಯ ಮೇಲೆ. ಹನ್ನೊಂದು ಗಂಟೆಯ ಹೊತ್ತಿಗೆ ಕೆಳಗಿನವರು ಇದ್ದಿಲು ಹೊತ್ತಿಸಿದರೆಂದರೆ ಜ್ವರದಿಂದ ಬಾಯಿ ಕಹಿಯಾಗಿ ಬಂದ ರೋಗಿಗಳಿಗೂ ಹಸಿವಾಗುತ್ತದೆ. ನಾನಲ್ಲಿ ಜನರಲ್ ಡಾಕ್ಟರು. ಊರು ಕುಂದಾಪುರದ ಕಡೆ. ತುಳು ಅರ್ಥವಾಗುತ್ತದೆ, ಮಾತಾಡಲು ಹೋದರೆ ಎದುರಿನವರು ನಗುತ್ತಾರೆ. ಹಾಗಾಗಿ ಉಡುಪಿ, ಮಂಗಳೂರು ಕಡೆಯ ರೋಗಿಗಳ ಜೊತೆ ನನ್ನದು ಕನ್ನಡವೇ.

ನನ್ನ ಸ್ವಭಾವದ ಬಗ್ಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಸಿಟ್ಟು ಬೇಗ, ಜಂಬ ಅದಕ್ಕಿಂತ ಸ್ವಲ್ಪ ಹೆಚ್ಚು. ಕಾಲೇಜಿನಲ್ಲಿ ನಮಗೆ ಮೆಡಿಸಿನ್ ಕಲಿಸಿದ ಮೇಷ್ಟ್ರು, ರೋಗಿಯ ಕಥೆಯನ್ನು ತಲೆಯಿಂದ ಕಾಲಿನವರೆಗೆ ಕೇಳದವನು ಡಾಕ್ಟರಲ್ಲ, ಕಾಂಪೌಂಡರ್ ಎನ್ನುತ್ತಿದ್ದರು. ಈಗಿನ ಕಷ್ಟ ಏನು, ಹಿಂದೆ ಏನೇನು ಕಾಯಿಲೆ, ಯಾವ ಆಪರೇಷನ್, ಯಾವ ಮಾತ್ರೆ, ಯಾವುದು ಮೈಗೆ ಆಗುವುದಿಲ್ಲ, ಮನೆಯಲ್ಲಿ ಯಾರಿಗೆ ಏನಿತ್ತು, ಕುಡಿತ, ಸಿಗರೇಟು, ಕೆಲಸ, ಆಮೇಲೆ ತಲೆನೋವಿನಿಂದ ಕಾಲುಜೋಮಿನವರೆಗೆ ಒಂದೊಂದೇ ಪ್ರಶ್ನೆ. ಉದ್ದದ ನಮೂನೆ ಎಂದರೆ ಅದೇ. ರೋಗಿ ವಾರ್ಡಿನಲ್ಲಿ ನಾಲ್ಕು ದಿನ ಮಲಗುವವನು, ಅವನನ್ನು ನಾಲ್ಕು ಜನ ಡಾಕ್ಟರು ನೋಡುವವರು, ಅದಕ್ಕಾಗಿ ಇಡೀ ಮನುಷ್ಯನನ್ನು ಒಮ್ಮೆ ಬರೆದಿಡುವುದು. ಗಿಡ್ಡದ್ದರ ಲೆಕ್ಕ ಬೇರೆ. ಇವತ್ತು ಯಾಕೆ ಬಂದ, ಅದಕ್ಕೆ ಸಂಬಂಧಪಟ್ಟು ಏನು ಕೇಳಿದೆವು, ಏನು ಮುಟ್ಟಿ ನೋಡಿದೆವು, ಏನು ಅನ್ನಿಸಿತು, ಏನು ಮಾಡಿದೆವು. ಅಷ್ಟೇ. ಕೇಳದ್ದಕ್ಕೆ ಅದರಲ್ಲಿ ಜಾಗವೇ ಇಲ್ಲ.

ಕ್ಲಿನಿಕ್ಕಿಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದಾಗ ಉಳಿದ ಡಾಕ್ಟರುಗಳೆಲ್ಲ ಗಿಡ್ಡದನ್ನು ಆರಿಸಿಕೊಂಡರು. ನಾನೊಬ್ಬಳು ಒಪಿಡಿಯಲ್ಲೂ ಉದ್ದದ್ದೇ ಬರೆಯುತ್ತೇನೆ ಎಂದು ಹಠ ಹಿಡಿದೆ. ಪಕ್ಕದ ಕೋಣೆಯ ಡಾಕ್ಟರ ನೋಟನ್ನು ನೋಡಿ, ಇದೇನು ದಿನಸಿ ಚೀಟಿಯಾ ಎಂದು ಮುಖಕ್ಕೇ ಕೇಳಿದ್ದೆ. ಆದರೆ ಒಬ್ಬ ರೋಗಿಗೆ ಸಿಗುವುದು ಹನ್ನೆರಡು ನಿಮಿಷ. ಹನ್ನೆರಡು ನಿಮಿಷದಲ್ಲಿ ತಲೆಯಿಂದ ಕಾಲಿನವರೆಗೆ ಹೋಗಲಾಗುವುದಿಲ್ಲ, ಹೆಚ್ಚೆಂದರೆ ಎದೆಯವರೆಗೆ ಹೋಗಬಹುದು. ಆ ಉದ್ದದ ನಮೂನೆಯ ತಲೆಯ ಮೇಲೆ ಒಂದು ಬಟನ್ ಇತ್ತು, ‘ಎಲ್ಲ ಸಹಜ’ ಎಂದು. ಅದನ್ನು ಒತ್ತಿದರೆ ಖಾಲಿ ಚೌಕಗಳಲ್ಲೆಲ್ಲ ಟಪಟಪನೆ ‘ಇಲ್ಲ’, ‘ಇಲ್ಲ’, ‘ಇಲ್ಲ’ ಎಂದು ತುಂಬಿಕೊಳ್ಳುತ್ತಿತ್ತು. ಇರುವುದನ್ನು ಆಮೇಲೆ ನಾವು ತಿದ್ದಬೇಕು. ನಾನು ಒತ್ತುತ್ತಿದ್ದೆ. ತಿದ್ದುವುದು ನೆನಪಾದರೆ ತಿದ್ದುತ್ತಿದ್ದೆ. ಆರು ತಿಂಗಳು ಹೀಗೆ ನಡೆಯಿತು. ಕೊನೆಗೆ ಹೊರಗೆ ಕಾಯುವವರ ಗಲಾಟೆ ತಾಳಲಾರದೆ ಮ್ಯಾನೇಜರ್ ನನ್ನನ್ನೂ ಗಿಡ್ಡದಕ್ಕೆ ಇಳಿಸಿದ. ನಾನು ನನ್ನ ಮೇಷ್ಟ್ರ ಹೆಸರು ಹೇಳಿ ದೊಡ್ಡ ಭಾಷಣ ಮಾಡಿಯೇ ಇಳಿದದ್ದು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎನ್ನುತ್ತಾರಲ್ಲ, ಅದು ನನ್ನನ್ನು ನೋಡಿಯೇ ಹೇಳಿದ್ದಿರಬೇಕು.

ಅದಾಗಿ ಒಂದು ವರ್ಷ ಕಳೆದಿತ್ತು. ಆ ದಿನ ಬೆಳಿಗ್ಗೆ ಹತ್ತೂವರೆಗೆ ಒಬ್ಬರು ಬಂದರು. ಐವತ್ತರ ಹತ್ತಿರದ ವಯಸ್ಸು, ಕಾರ್ಕಳದ ಕಡೆಯವರು, ಹತ್ತಿರದ ಹೋಟೆಲೊಂದರಲ್ಲಿ ಸ್ಟೋರ್ ನೋಡಿಕೊಳ್ಳುವವರು. ಹಿಂದಿನ ವರ್ಷ ಬೆನ್ನುನೋವೆಂದು ಒಮ್ಮೆ ನನ್ನ ಹತ್ತಿರ ಬಂದಿದ್ದರು. ಈಗ ಜ್ವರ.

“ನಿನ್ನೆ ರಾತ್ರಿಯಿಂದ ಡಾಕ್ಟ್ರೇ. ಚಳಿ ಅಂದ್ರೆ ಎಂತ ಚಳಿ, ರೂಮಿನವ್ರು ಎರಡು ಬ್ಲ್ಯಾಂಕೆಟ್ ಹೊದಿಸಿದ್ರು. ಒಂದು ಇಂಜೆಕ್ಷನ್ ಕೊಡಿ, ಮಧ್ಯಾಹ್ನ ಡ್ಯೂಟಿಗೆ ಹೋಗ್ಲಿಕ್ಕುಂಟು.”

“ಡ್ಯೂಟಿ ಎಲ್ಲಿಗೂ ಓಡಿ ಹೋಗುದಿಲ್ಲ ಮಾರಾಯ್ರೆ, ಮೊದಲು ಕೂತ್ಕೊಳ್ಳಿ” ಎಂದೆ.

ಜ್ವರ ಮೂವತ್ತೊಂಬತ್ತು ದಾಟಿತ್ತು. ನಾಡಿ ಸ್ವಲ್ಪ ಜೋರು, ಬಿಪಿ ಸರಿ ಇತ್ತು. ಗಂಟಲು ಕೊಂಚ ಕೆಂಪು. ಅಂಗಿಯನ್ನು ಹಿಂದಿನಿಂದ ಎತ್ತಿ ಎದೆಯ ಸದ್ದು ಕೇಳಿದೆ, ಸ್ವಚ್ಛ. ಗಿಡ್ಡ ನಮೂನೆ ತೆರೆದೆ. ಅದರ ಪಕ್ಕದಲ್ಲೊಂದು ಸಣ್ಣ ಪಟ್ಟಿ ಇರುತ್ತದೆ, ರೋಗಿಯ ಹಳೆಯ ವಿವರ ತನ್ನಷ್ಟಕ್ಕೆ ಅಲ್ಲಿ ಬಂದು ಕೂರುತ್ತದೆ. ಹಳೆಯ ಕಾಯಿಲೆ: ಇಲ್ಲ. ಆಪರೇಷನ್: ಇಲ್ಲ. ಅಲರ್ಜಿ: ಇಲ್ಲ. ಅದನ್ನು ಕಣ್ಣಿನಲ್ಲೇ ಓದಿ, ಕೇಳುವ ಕೆಲಸ ಉಳಿಯಿತೆಂದು ಮುಂದೆ ಹೋದೆ. ವೈರಲ್ ಜ್ವರ ಇರಬಹುದು ಎಂದು ಬರೆದು, ರಕ್ತ ಪರೀಕ್ಷೆಗೆ ಹೇಳಿ, ಚಳಿ ಜಾಸ್ತಿ ಇದ್ದುದರಿಂದ ಒಂದು ಡ್ರಿಪ್ ಹಾಕಿ ಒಳಗಿನ ಕೋಣೆಯಲ್ಲಿ ಮಲಗಿಸಲು ಸಿಸ್ಟರಿಗೆ ಹೇಳಿದೆ.

ನಮ್ಮ ಸಿಸ್ಟರು ಮಂಗಳೂರಿನವರು. ಮನೆಮಾತು ಕೊಂಕಣಿ, ಗಲ್ಫಿಗೆ ಬಂದು ಇಪ್ಪತ್ತು ವರ್ಷವಾಗಿದೆ. ಡಾಕ್ಟರುಗಳನ್ನು ನೋಡಿ ನೋಡಿ ಅವರಿಗೆ ನಮ್ಮ ಮೇಲೆ ದೊಡ್ಡ ಗೌರವವೇನೂ ಉಳಿದಿಲ್ಲ. ಹನ್ನೆರಡೂಮುಕ್ಕಾಲಿಗೆ ಅವರು ಬಾಗಿಲಿನಲ್ಲಿ ತಲೆ ಹಾಕಿದರು.

“ಡಾಕ್ಟ್ರೇ, ಒಮ್ಮೆ ಬನ್ನಿ. ಆ ಕಾರ್ಕಳದವ್ರು ನಂಗೆ ಯಾಕೋ ಸರಿ ಕಾಣುದಿಲ್ಲ.”

ಹೋಗಿ ನೋಡಿದರೆ ಮನುಷ್ಯನ ತುಟಿ ಬಿಳಿಚಿಕೊಂಡಿತ್ತು. ಕೈ ತಣ್ಣಗೆ. ನಾಡಿ ಓಡುತ್ತಿತ್ತು, ಬಿಪಿ ತೊಂಬತ್ತಕ್ಕೆ ಇಳಿದಿತ್ತು. ಕರೆದರೆ ಕಣ್ಣು ತೆರೆಯುತ್ತಿದ್ದರು, ಮತ್ತೆ ಮುಚ್ಚುತ್ತಿದ್ದರು. ಎರಡು ಗಂಟೆ ಹಿಂದೆ ಡ್ಯೂಟಿಯ ಮಾತಾಡಿದ ಮನುಷ್ಯ. ಗಂಟಲು ಕೆಂಪಾದ ವೈರಲ್ ಜ್ವರ ಎರಡು ಗಂಟೆಯಲ್ಲಿ ಯಾರನ್ನೂ ಹೀಗೆ ಮಾಡುವುದಿಲ್ಲ.

ಡ್ರಿಪ್ ಜೋರು ಮಾಡಿಸಿದೆ, ಆಂಬುಲೆನ್ಸಿಗೆ ಹೇಳಿದೆ, ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದೆ. ಅಲ್ಲಿ ಸಿಕ್ಕಿದ್ದು ಒಬ್ಬ ಯುವ ವೈದ್ಯ, ಸಭ್ಯ ಹುಡುಗ, ಇಂಗ್ಲಿಷಿನಲ್ಲಿ ಮಾತಾಡಿದ. ನಮ್ಮ ಎರಡೂ ಕಡೆಯ ಕಂಪ್ಯೂಟರುಗಳು ಒಂದಕ್ಕೊಂದು ಜೋಡಿಸಿದವು, ಬೆಳಗಿನ ನನ್ನ ಗಿಡ್ಡ ನೋಟು ಅವನಿಗೆ ಆಗಲೇ ತಲುಪಿತ್ತು. ಇದರಲ್ಲಿ ಆರು ಸಾಲೂ ಇಲ್ಲ ಮೇಡಂ, ಅಡ್ಮಿಷನ್ ನಮೂನೆಯಲ್ಲಿ ಪೂರ್ತಿ ಕಳಿಸಿ, ಎಮರ್ಜೆನ್ಸಿಯಲ್ಲಿ ಎಲ್ಲ ಮೊದಲಿನಿಂದ ಕೇಳುತ್ತಾ ಕೂರುವುದು ತಪ್ಪುತ್ತದೆ, ಯಾವ ವಾರ್ಡು, ಎಷ್ಟು ಅವಸರ ಎಂದು ನಾನು ಈಗಲೇ ತೀರ್ಮಾನಿಸಬಹುದು ಎಂದ. ಅವನು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅಡ್ಮಿಷನ್ ಆಗುವ ರೋಗಿಗೆ ಉದ್ದದ್ದೇ ಬೇಕು. ನಾನೇ ಜೀವಮಾನವಿಡೀ ಹೇಳಿಕೊಂಡು ಬಂದದ್ದು.

ನಮ್ಮ ವ್ಯವಸ್ಥೆಯಲ್ಲಿ ಅದು ಒಂದೇ ಕ್ಲಿಕ್ಕಿನ ಕೆಲಸ. ‘ಅಡ್ಮಿಷನ್‌ಗೆ ಬದಲಿಸು’ ಎಂದು ಒತ್ತಿದೆ. ಬೆಳಗಿನ ನಾಲ್ಕೈದು ಸಾಲು ಮೇಲೆ ಹೋಗಿ ಕೂತಿತು, ಕೆಳಗೆ ಮೂರು ಪುಟ ಹಳೆಯ ವಿವರದಿಂದ ತಾನಾಗಿ ತುಂಬಿಕೊಂಡಿತು. ನೋಡಲು ಎಷ್ಟು ಚಂದ ಇತ್ತು ಎಂದರೆ, ನಮ್ಮ ಮೇಷ್ಟ್ರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಹಳೆಯ ಕಾಯಿಲೆ ಇಲ್ಲ. ಆಪರೇಷನ್ ಇಲ್ಲ. ಅಲರ್ಜಿ ಇಲ್ಲ. ಹೊಟ್ಟೆ ಸಹಜ. ಕಳಿಸುವ ಬಟನ್ನಿನ ಮೇಲೆ ನನ್ನ ಬೆರಳಿತ್ತು. ಕೆಳಗೆ ಆಂಬುಲೆನ್ಸ್ ಬಂದು ನಿಂತ ಸದ್ದೂ ಕೇಳಿಸಿತು.

ಆಗ ಒಳಗಿನಿಂದ ಸಿಸ್ಟರು ಕೂಗಿದರು. “ಡಾಕ್ಟ್ರೇ, ಇವ್ರಿಗೆ ಹೊಟ್ಟೆಯ ಆಪರೇಷನ್ ಆದದ್ದು ಯಾವಾಗ?”

“ಆಪರೇಷನ್ ಆಗ್ಲಿಲ್ಲ. ಇಲ್ಲಿ ಬರ್ದದ್ದುಂಟು” ಎಂದೆ, ಕಣ್ಣು ಪರದೆಯ ಮೇಲೆಯೇ ಇಟ್ಟು.

“ಬರ್ದದ್ದು ಇರ್ಲಿ. ನಾನು ಇಸಿಜಿಗೆ ಅಂಗಿ ಬಿಚ್ಚಿದ್ದು. ಎದೆಯಿಂದ ಹೊಕ್ಕುಳದ ಕೆಳಗಿನವರೆಗೆ ಹೊಲಿಗೆ ಉಂಟು. ನೀವೇ ಬಂದು ನೋಡಿ.”

ಪರದೆಯಲ್ಲಿ ‘ಆಪರೇಷನ್: ಇಲ್ಲ’ ಎಂಬುದರ ಪಕ್ಕದಲ್ಲಿ ಯಾರು ಬರೆದದ್ದು ಎಂಬುದೂ ಇರುತ್ತದೆ. ಅಲ್ಲಿದ್ದದ್ದು ನನ್ನ ಹೆಸರು. ಹಿಂದಿನ ವರ್ಷದ ಬೆನ್ನುನೋವಿನ ದಿನ. ಆ ದಿನ ನಾನು ಅವರ ಬೆನ್ನನ್ನು ಮಾತ್ರ ನೋಡಿದ್ದೆ. ಹೊಟ್ಟೆ ಸಹಜ ಎಂದು ಬರೆದದ್ದು ಬಟನ್ನು, ಸಹಿ ನನ್ನದು. ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಆದರೆ ಅದಕ್ಕೆ ಆಗ ಸಮಯವಿರಲಿಲ್ಲ.

ಹೋಗಿ ನೋಡಿದೆ. ಗಾಯದ ಗುರುತು ಹಳೆಯದು, ಬೆಳ್ಳಗೆ, ಉದ್ದಕ್ಕೆ. ಬಗ್ಗಿ ಕಿವಿಯ ಹತ್ತಿರ ಕೇಳಿದೆ.

“ಇದು ಎಂತ ಆಪರೇಷನ್?”

“ಇಲ್ಲ ಡಾಕ್ಟ್ರೇ. ನಂಗೆ ಎಂತದೂ ಇಲ್ಲ.” ಅರೆಗಣ್ಣಿನಲ್ಲೇ ಹೇಳಿದರು.

ಇದು ನಮ್ಮ ಗಲ್ಫಿನವರ ಪಾಠ. ಏನು ಕೇಳಿದರೂ ಇಲ್ಲ ಎನ್ನುವುದು. ವೀಸಾದ ಮೆಡಿಕಲ್ ಫೇಲ್ ಆದೀತು, ಇನ್ಶೂರೆನ್ಸಿನವರು ಹಳೆಯ ಕಾಯಿಲೆ ಎಂದು ತಕರಾರು ಎತ್ತಿಯಾರು, ಕಂಪನಿಗೆ ಗೊತ್ತಾದರೆ ಊರಿಗೆ ಕಳಿಸಿಯಾರು. ಹೊಟ್ಟೆಯ ಮೇಲೆ ಅಷ್ಟುದ್ದ ಹೊಲಿಗೆ ಇಟ್ಟುಕೊಂಡು, ಪ್ರಜ್ಞೆ ಹೋಗುತ್ತಿರುವಾಗಲೂ ಆ ಪಾಠ ಮರೆಯುವುದಿಲ್ಲ.

ನನಗೆ ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ಈಗಲೂ ಗೊತ್ತಿಲ್ಲ. “ಇದು ವೀಸಾ ಫಾರಂ ಅಲ್ಲ ಮಾರಾಯ್ರೆ! ನಾನು ಯಾರಿಗೂ ಹೇಳ್ಲಿಕ್ಕೆ ಹೋಗುದಿಲ್ಲ. ಹೇಳದಿದ್ರೆ ನೀವು ಬದುಕುದಿಲ್ಲ. ಹೇಳಿ, ಎಂತ ತೆಗೆದ್ರು?”

ಅವರು ಕಣ್ಣು ತೆರೆದು ನನ್ನನ್ನು ನೋಡಿದರು.

“ಬೈಕಿಂದ ಬಿದ್ದದ್ದು… ಇಪ್ಪತ್ತೆರಡು ವರ್ಷ ಇರುವಾಗ. ಒಳಗೆ ರಕ್ತ ಹೋಗ್ತಾ ಇತ್ತಂತೆ. ಎಡಗಡೆದು ಎಂತದೋ ಒಂದು ತೆಗೆದ್ರು. ಅದು ಇಲ್ಲದಿದ್ರೂ ನಡೀತದೆ ಅಂದ್ರು.”

ಎಡಗಡೆಯದು. ಗುಲ್ಮ, ನಾವು ಸ್ಪ್ಲೀನ್ ಎನ್ನುವುದು. ಹೌದು, ಅದಿಲ್ಲದೆ ನಡೆಯುತ್ತದೆ, ಸುಮಾರು ಮೂವತ್ತು ವರ್ಷ ನಡೆದೂ ಇತ್ತು. ಆದರೆ ರಕ್ತಕ್ಕೆ ನುಗ್ಗುವ ಕೆಲವು ಬ್ಯಾಕ್ಟೀರಿಯಾಗಳನ್ನು ಸೋಸಿ ತೆಗೆಯುವುದು ಮುಖ್ಯವಾಗಿ ಅದೇ. ಅದಿಲ್ಲದವರಿಗೆ ಚಳಿಜ್ವರ ಬಂದರೆ ಕೆಲವೇ ಗಂಟೆಯಲ್ಲಿ ಮುಗಿದುಹೋಗಬಹುದು. ಪರೀಕ್ಷೆಯ ಫಲಿತಾಂಶಕ್ಕೆ ಕಾಯಬಾರದು, ಆ ಕ್ಷಣವೇ ಆಂಟಿಬಯೋಟಿಕ್ ಹೋಗಬೇಕು. ಅದಕ್ಕಾಗಿಯೇ ಇಂಥವರಿಗೆ ಮೊದಲೇ ಲಸಿಕೆ ಕೊಟ್ಟಿರಬೇಕು. ನಾನು ಎರಡೂವರೆ ಗಂಟೆ ಕಾಲ ಉಪ್ಪುನೀರು ಹನಿಸುತ್ತಾ ಮಲಗಿಸಿದ್ದೆ.

“ಯಾವುದಾದ್ರೂ ಇಂಜೆಕ್ಷನ್ ಮೈಗೆ ಆಗುದಿಲ್ಲ ಅಂತ ಉಂಟಾ? ಮೈ ತುರಿಸಿದ್ದು, ಉಸಿರು ಕಟ್ಟಿದ್ದು?” ಅಲರ್ಜಿಯ ಆ ‘ಇಲ್ಲ’ವನ್ನೂ ನಾನು ಹಿಂದೆ ಕೇಳಿ ಬರೆದಿರಲಿಲ್ಲ.

“ಇಲ್ಲ. ದೇವರಾಣೆ ಇಲ್ಲ.”

ಸಿಸ್ಟರು ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದು ಆಂಟಿಬಯೋಟಿಕ್ ಇಂಜೆಕ್ಷನ್ ಶುರು ಮಾಡಿದಾಗ ಒಂದು ಗಂಟೆ ಐದು ನಿಮಿಷ. ಆಂಬುಲೆನ್ಸಿನವರು ಬಾಗಿಲಲ್ಲಿ ನಿಂತು, “ಯಲ್ಲಾ ಡಾಕ್ಟರ್, ಯಲ್ಲಾ” ಎಂದು ಅವಸರ ಮಾಡುತ್ತಿದ್ದರು.

ನಾನು ಕಂಪ್ಯೂಟರಿಗೆ ಓಡಿದೆ. ಮೂರು ಪುಟದ ಚಂದದ ಕಾಗದ ಹಾಗೆಯೇ ಕಾಯುತ್ತಿತ್ತು. ಅದರಲ್ಲಿ ಆಪರೇಷನ್ ಸಾಲೊಂದನ್ನು ತಿದ್ದಿ ಕಳಿಸಬಹುದಿತ್ತು. ಆದರೆ ಉಳಿದ ಮೂವತ್ತು ‘ಇಲ್ಲ’ಗಳಲ್ಲಿ ಯಾವುದು ನಿಜ? ನನಗೆ ಗೊತ್ತಿರಲಿಲ್ಲ. ಓದುವವನಿಗೆ ಅದು ಕೇಳಿ ತಿಳಿದ ‘ಇಲ್ಲ’ದ ಹಾಗೇ ಕಾಣುತ್ತದೆ. ಅವನು ಅದನ್ನು ನಂಬಿ ಮತ್ತೆ ಕೇಳುವುದಿಲ್ಲ, ನಾನು ಬೆಳಿಗ್ಗೆ ಕೇಳದೆ ಬಿಟ್ಟ ಹಾಗೆ. ಅದೂ ಅಲ್ಲದೆ ಗುಲ್ಮದ ವಿಷಯ ಎರಡನೇ ಪುಟದ ನಡುವೆ ಹೋಗಿ ಕೂರುತ್ತಿತ್ತು. ಅದನ್ನು ಅಳಿಸಿದೆ. ಗಿಡ್ಡ ನಮೂನೆಯನ್ನೇ ಮತ್ತೆ ತೆರೆದು ಮೊದಲ ಸಾಲಿನಲ್ಲಿ ಬರೆದೆ: ಗುಲ್ಮ ತೆಗೆಯಲಾಗಿದೆ, ಚಳಿಜ್ವರ, ಬಿಪಿ ಬೀಳುತ್ತಿದೆ. ಎರಡನೇ ಸಾಲು: ಆಂಟಿಬಯೋಟಿಕ್ ಒಂದು ಗಂಟೆ ಐದಕ್ಕೆ, ಯಾವುದು, ಎಷ್ಟು. ಆಮೇಲೆ ನಾಡಿ, ಬಿಪಿ, ಅಲರ್ಜಿ ಕೇಳಿದ್ದು. ಕೊನೆಗೆ ಒಂದು ಸಾಲು: ಲಸಿಕೆ, ಮಾತ್ರೆ, ಹಳೆಯ ಕಾಯಿಲೆ, ಕುಟುಂಬ ಕೇಳಿಲ್ಲ. ‘ಕೇಳಿಲ್ಲ’ ಎಂದು ಬರೆಯುವಾಗ ಬೆರಳು ಹಿಂಜರಿಯಿತು. ಮೂವತ್ತು ವರ್ಷದ ವೃತ್ತಿಯಲ್ಲಿ ನಾನು ಆ ಪದವನ್ನು ಎಲ್ಲೂ ಬರೆದಿರಲಿಲ್ಲ.

ಆ ಹುಡುಗ ಫೋನಿನಲ್ಲಿ ಗೊಣಗಿದ. ನಾನು ಕೇಳಿದ್ದು ಇದನ್ನಲ್ಲ ಮೇಡಂ ಎಂದ. ಮೊದಲ ಸಾಲು ಓದಪ್ಪ ಎಂದೆ. ಓದಿದ. ಆಮೇಲೆ ಅವನ ದನಿಯೇ ಬದಲಾಯಿತು. ವಾರ್ಡು ಬೇಡ, ಐಸಿಯುಗೆ ಹೇಳುತ್ತೇನೆ, ನಾನೇ ಬಾಗಿಲಲ್ಲಿ ನಿಂತಿರುತ್ತೇನೆ ಎಂದ.

ಮರುದಿನ ಸಂಜೆಯವರೆಗೂ ನನಗೆ ಅನ್ನ ಇಳಿಯಲಿಲ್ಲ. ಮಗಳು ಏನಾಯಿತಮ್ಮ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಅವಳ ಮೇಲೆ ರೇಗಿದೆ. ಸಂಜೆ ಆ ಹುಡುಗನೇ ಫೋನ್ ಮಾಡಿದ. ರಕ್ತದಲ್ಲಿ ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಬೆಳೆದಿದೆ, ಬಿಪಿ ಹತೋಟಿಗೆ ಬಂದಿದೆ, ಮೂತ್ರ ಬರುತ್ತಿದೆ. ಮಧ್ಯಾಹ್ನದ ಹೊತ್ತಿಗೆ ಅವರು ಮಾತಾಡುವ ಹಾಗಾದರು, ಆಗ ಪಕ್ಕದಲ್ಲಿ ಕೂತು ಉದ್ದದ ನಮೂನೆಯನ್ನು ನಾನೇ ಕೇಳಿ ಬರೆದೆ ಎಂದ. ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದೆ. ಮುಕ್ಕಾಲು ಗಂಟೆ ಎಂದ. ಫೋನಿಟ್ಟು ಬಾತ್‌ರೂಮಿಗೆ ಹೋಗಿ ಅತ್ತೆ.

ಮೂರು ವಾರದ ಮೇಲೆ ಅವರು ಕ್ಲಿನಿಕ್ಕಿಗೆ ಬಂದರು. ಅಂಗಿ ಸಡಿಲವಾಗಿತ್ತು, ಕೆನ್ನೆ ಒಳಗೆ ಹೋಗಿತ್ತು, ನಡಿಗೆ ಮಾತ್ರ ಗಟ್ಟಿಯಾಗಿತ್ತು. ಹೋಟೆಲಿನ ಅಡುಗೆಯವರಿಂದ ಮಾಡಿಸಿದ ಖಾರದ ಕಡ್ಡಿಯ ಒಂದು ಡಬ್ಬಿ ತಂದಿದ್ದರು. ಕೂತವರು ತಲೆ ಎತ್ತಲಿಲ್ಲ.

“ಡಾಕ್ಟ್ರೇ, ನೀವು ನಂಗೆ ಕ್ಷಮೆ ಮಾಡ್ಬೇಕು.”

“ಎಂತಕ್ಕೆ?”

“ಹೋದ ವರ್ಷ ನೀವು ಕೇಳಿದಾಗ ನಾನು ಸುಳ್ಳು ಹೇಳಿದ್ದು. ನಂಗೆ ನೆನಪಿಲ್ಲ, ಆದ್ರೆ ಆಪರೇಷನ್ ಇಲ್ಲ ಅಂತ ಹೇಳಿದ್ದೇನಂತೆ. ಅಲ್ಲಿಯ ಡಾಕ್ಟ್ರು ಹೋದ ವರ್ಷದ್ದು ಕಂಪ್ಯೂಟರಿನಲ್ಲಿ ತೋರಿಸಿ ಜೋರು ಮಾಡಿದ್ರು. ನಿಮ್ಮ ಡಾಕ್ಟ್ರು ಅಷ್ಟು ಚಂದ ಮಾಡಿ ಎಲ್ಲ ಕೇಳಿ ಬರ್ಕೊಂಡಿದ್ದಾರೆ, ನೀವು ಅವ್ರ ಹತ್ರ ಸುಳ್ಳು ಹೇಳ್ತೀರಾ, ಸತ್ತೇ ಹೋಗ್ತಿದ್ರಿ ಅಂದ್ರು. ಮನೆಯವ್ಳಿಗೆ ಫೋನಿನಲ್ಲಿ ಹೇಳಿದೆ, ಅವ್ಳೂ ಬೈದ್ಲು. ನನ್ನದೇ ತಪ್ಪು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಸಹಜ. ಆದರೆ ಇಲ್ಲಿ ಕದ್ದವಳು ನಾನು, ಹೆಗಲು ಒರೆಸಿಕೊಳ್ಳುತ್ತಿದ್ದವರು ಅವರು. ನಾನು ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಹೋಗಲಿ ಬಿಡಿ, ಇನ್ನು ಮುಂದೆ ಜಾಗ್ರತೆ ಎಂದು ದೊಡ್ಡ ಮನಸ್ಸಿನವಳ ಹಾಗೆ ಹೇಳಿ ಖಾರದ ಕಡ್ಡಿ ತೆಗೆದುಕೊಳ್ಳಬಹುದಿತ್ತು. ಒಂದು ಗಳಿಗೆ ಹಾಗೇ ಮಾಡೋಣ ಅನ್ನಿಸಿತು ಕೂಡ. ಸಿಸ್ಟರು ಮೂಲೆಯಲ್ಲಿ ಬಿಪಿ ಪಟ್ಟಿ ಸುತ್ತುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು.

“ನೀವು ಸುಳ್ಳು ಹೇಳ್ಲಿಲ್ಲ” ಎಂದೆ. “ನಾನು ಕೇಳ್ಲೇ ಇಲ್ಲ. ಕೇಳದೆ ಇಲ್ಲ ಅಂತ ಬರ್ದದ್ದು.”

ಅವರು ನಿಧಾನವಾಗಿ ತಲೆ ಎತ್ತಿದರು. ಬೈಯುತ್ತಾರೆ ಎಂದುಕೊಂಡೆ, ಎದ್ದು ಹೋಗುತ್ತಾರೆ ಎಂದುಕೊಂಡೆ. ಮೂರು ವಾರ ಆ ಮನುಷ್ಯ ನನ್ನ ಸುಳ್ಳನ್ನು ತನ್ನದೆಂದು ಹೊತ್ತುಕೊಂಡು ತಿರುಗಿದ್ದರು.

“ಕೇಳಿದ್ರೂ ನಾನು ಹೇಳ್ತಿರ್ಲಿಲ್ಲ ಡಾಕ್ಟ್ರೇ” ಎಂದರು ಕೊನೆಗೆ.

“ಅದು ಬೇರೆ. ಕೇಳ್ಬೇಕಿತ್ತು.”

ಅವರು ಡಬ್ಬಿಯನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡು, ಕೈ ಕಟ್ಟಿ ಕೂತರು.

“ಹಾಗಾದ್ರೆ ಈಗ ಕೇಳಿ” ಎಂದರು.

ಹೊರಗೆ ಒಂಬತ್ತು ಜನ ಕಾಯುತ್ತಿದ್ದರು. ನಾನು ಹೊಸದಾಗಿ ಒಂದು ಉದ್ದದ ನಮೂನೆ ತೆರೆದೆ. ಎಲ್ಲ ಚೌಕಗಳೂ ಖಾಲಿಯಿದ್ದವು. ಮೇಲಿನ ಬಟನ್ನನ್ನು ಮುಟ್ಟದೆ, ತಲೆನೋವು ಬರುತ್ತದಾ ಎಂಬಲ್ಲಿಂದ ಶುರು ಮಾಡಿದೆ.